ಬಿಸಿಲು ಜಾಸ್ತಿಯಾದಾಗಲೇ ಸೋಲಾರ್ ಕಮ್ಮಿ: ಹಾಟ್ ಸ್ಪಾಟ್ ಮತ್ತು ಬೈಪಾಸ್ ಡಯೋಡ್ ದೋಷ ಹುಡುಕುವುದು ಹೇಗೆ?

"ಮೋಡ ಇದ್ದ ದಿನ ಚೆನ್ನಾಗೇ ಬರುತ್ತೆ ಕಣೋ. ಬಿಸಿಲು ಚೆನ್ನಾಗಿದ್ರೇನೇ ಕಮ್ಮಿ." ಅರಸೀಕೆರೆಯಿಂದ ಚಿಕ್ಕಮ್ಮ ಫೋನಿನಲ್ಲಿ ಹೀಗಂದಾಗ ನಾನು ತಕ್ಷಣ ಎದ್ದು ಕೂತೆ. ಸೋಲಾರ್ ಕೆಲಸ ಮಾಡುವ ನನಗೆ ದಿನಕ್ಕೆ ನಾಲ್ಕು ಜನ "ಯೂನಿಟ್ ಕಮ್ಮಿ ಬರ್ತಿದೆ" ಅಂತ ಹೇಳುತ್ತಾರೆ. ಹೆಚ್ಚಿನವು ಧೂಳು, ಇಲ್ಲವೇ ತೆಂಗಿನ ಗರಿಯ ನೆರಳು. ಆದರೆ ಮೋಡದ ದಿನ ಸರಿ, ಬಿಸಿಲಿನ ದಿನ ಕಮ್ಮಿ ಅನ್ನುವುದು ಬೇರೆಯೇ ಕಾಯಿಲೆ.

ಚಿಕ್ಕಮ್ಮನ ಮನೆಯ ಮೇಲೆ 2019ರಲ್ಲಿ ಹಾಕಿದ 3 ಕಿಲೋವ್ಯಾಟ್ ಘಟಕ ಇದೆ. 335 ವ್ಯಾಟಿನ ಒಂಬತ್ತು ಪ್ಯಾನೆಲ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ ಹಾಗೆ ಒಂದೇ ಸಾಲಿನಲ್ಲಿ ಜೋಡಿಸಿ, ಆ ಸಾಲನ್ನು ಒಂದು ಇನ್ವರ್ಟರಿಗೆ ಕೊಟ್ಟಿದ್ದಾರೆ. ಈ ಸಾಲಿಗೆ ಸ್ಟ್ರಿಂಗ್ ಅನ್ನುತ್ತಾರೆ. ಚಿಕ್ಕಮ್ಮ ಪ್ರತಿ ಸಂಜೆ ಇನ್ವರ್ಟರ್ ನೋಡಿ ಆವತ್ತಿನ ಯೂನಿಟ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಫೆಬ್ರವರಿ ಮೊದಲರ್ಧದಲ್ಲಿ 13.8, 14.1, 13.9. ಇಪ್ಪತ್ತನೇ ತಾರೀಖಿನ ಮೇಲೆ 12.3, 12.4, 12.3. ಮಧ್ಯೆ ಒಂದು ಮೋಡದ ದಿನ 9.1. ಅದು ಹಿಂದಿನ ಮೋಡದ ದಿನಗಳಷ್ಟೇ ಇತ್ತು. ಆ ಕ್ಯಾಲೆಂಡರ್ ಇಲ್ಲದಿದ್ದರೆ ಈ ದೋಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ಮನೆಯಲ್ಲಿ ದೋಷ ಹುಡುಕಿದ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಕೊನೆಯ ಎರಡು ಹೆಜ್ಜೆ ಬಿಟ್ಟು ಉಳಿದದ್ದನ್ನು ಮನೆಯವರೇ ಮಾಡಬಹುದು.

ಮೊದಲು, ಪ್ಯಾನೆಲ್ ಒಳಗೆ ಏನಾಗುತ್ತದೆ?

ಈ ಬಗೆಯ ಪ್ಯಾನೆಲ್‌ನಲ್ಲಿ 72 ಸೆಲ್ ಇರುತ್ತವೆ. ಎಲ್ಲವೂ ಒಂದೇ ಸಾಲು. ಮನೆಗೆ ಮೋಲ್ಡ್ ಹಾಕುವಾಗ ಆಳುಗಳು ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ವಾ, ಹಾಗೆಯೇ. ಕರೆಂಟು ಪ್ರತಿ ಸೆಲ್ ಮೂಲಕವೂ ಹಾದು ಹೋಗಲೇಬೇಕು. ಸಾಲಿನಲ್ಲಿ ಒಬ್ಬನ ಕೈ ನೋಯುತ್ತಿದೆ ಅಂದುಕೊಳ್ಳಿ. ಬಾಂಡ್ಲಿ ನಿಧಾನಕ್ಕೆ ಬರುತ್ತಿದ್ದರೆ ಅವನೂ ಸುಧಾರಿಸಿಕೊಳ್ಳುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ. ಬಾಂಡ್ಲಿ ಬಿರುಸಾಗಿ ಬರತೊಡಗಿದಾಗ ಮಾತ್ರ ಅವನ ಹತ್ತಿರ ತಡೆಯಾಗುತ್ತದೆ, ಇಡೀ ಸಾಲು ಅವನ ವೇಗಕ್ಕೆ ಇಳಿಯುತ್ತದೆ.

ಬಿರುಕು ಬಿಟ್ಟ ಸೆಲ್‌ನ ಕಥೆಯೂ ಇದೇ. ಸೆಲ್‌ನ ಒಂದು ಭಾಗ ಮುರಿದು ಅದರ ಸಂಪರ್ಕ ಸಡಿಲವಾದರೆ, ಆ ಸಡಿಲ ಜಾಗ ಒಂದು ಮಿತಿಯವರೆಗಿನ ಕರೆಂಟನ್ನಷ್ಟೇ ದಾಟಿಸಬಲ್ಲದು. ಮೋಡದ ದಿನ ಸಾಲಿನಲ್ಲಿ 3 ಆಂಪ್ ಹರಿಯುತ್ತದೆ, ಆ ಸೆಲ್‌ಗೆ ಅದು ಭಾರವಲ್ಲ. ಮಾರ್ಚ್ ತಿಂಗಳ ನಡುಮಧ್ಯಾಹ್ನ 8 ಆಂಪ್ ದಾಟಿಸು ಅಂದರೆ ಆಗುವುದಿಲ್ಲ. ಉಳಿದ ಸೆಲ್‌ಗಳು ಹಿಂದಿನಿಂದ ತಳ್ಳುತ್ತವೆ. ಆಗ ಆ ಸೆಲ್ ಕರೆಂಟ್ ಕೊಡುವುದು ಬಿಟ್ಟು, ಬೇರೆಯವರು ಕೊಟ್ಟ ಕರೆಂಟನ್ನೇ ಶಾಖವಾಗಿ ಸುಡತೊಡಗುತ್ತದೆ. ಇದೇ ಹಾಟ್ ಸ್ಪಾಟ್.

ಅದು ಸುಟ್ಟು ಹೋಗದಿರಲಿ ಅಂತಲೇ ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. 72 ಸೆಲ್‌ಗಳನ್ನು 24ರ ಮೂರು ಗುಂಪು ಮಾಡಿ, ಗುಂಪಿಗೊಂದರಂತೆ ಮೂರು ಡಯೋಡ್‌ಗಳು ಪ್ಯಾನೆಲ್ ಬೆನ್ನಿನ ಕರಿ ಡಬ್ಬಿಯಲ್ಲಿ, ಅಂದರೆ ಜಂಕ್ಷನ್ ಬಾಕ್ಸಿನಲ್ಲಿ ಕೂತಿರುತ್ತವೆ. ಒಂದು ಗುಂಪಿನಲ್ಲಿ ತಡೆಯಾದರೆ ಆ ಗುಂಪಿನ ಡಯೋಡ್ ಬಾಗಿಲು ತೆರೆದು ಕರೆಂಟನ್ನು ಪಕ್ಕದ ದಾರಿಯಲ್ಲಿ ಕಳಿಸುತ್ತದೆ. ಆ 24 ಸೆಲ್‌ನ ಉತ್ಪಾದನೆ ಹೋಗುತ್ತದೆ, ಉಳಿದ ಸಾಲು ಪೂರ್ತಿ ವೇಗದಲ್ಲಿ ಓಡುತ್ತದೆ.

ಡಯೋಡ್ ತಾನೇ ಕೆಡುವುದು ಎರಡು ರೀತಿ. ಒಂದು, ಬಾಗಿಲು ಯಾವಾಗಲೂ ತೆರೆದೇ ಉಳಿಯುವುದು, ಅಂದರೆ ಶಾರ್ಟ್ ಆಗುವುದು. ಆಗ ಆ ಗುಂಪಿನ ಉತ್ಪಾದನೆ ದಿನಪೂರ್ತಿ ಇಲ್ಲ. ಯುಗಾದಿ ಆಸುಪಾಸಿನ ಗುಡುಗು ಮಿಂಚಿನ ಮಳೆ ಮುಗಿದ ಮೇಲೆ ನನಗೆ ಇಂಥ ಪ್ಯಾನೆಲ್‌ಗಳು ಸಿಗುತ್ತವೆ. ಸಿಡಿಲು ಹತ್ತಿರದಲ್ಲೆಲ್ಲೋ ಬಡಿದರೂ ತಂತಿಯಲ್ಲಿ ಏಳುವ ವೋಲ್ಟೇಜಿಗೆ ಡಯೋಡ್ ಹೋಗಬಹುದು. ಇನ್ನೊಂದು, ಬಾಗಿಲು ಮುಚ್ಚಿಯೇ ಉಳಿಯುವುದು, ಅಂದರೆ ಓಪನ್ ಆಗುವುದು. ಇದು ಸುಮ್ನೆ ಇದ್ದಾಗ ಗೊತ್ತೇ ಆಗುವುದಿಲ್ಲ, ಉತ್ಪಾದನೆಯೂ ಕಮ್ಮಿಯಾಗುವುದಿಲ್ಲ. ಆದರೆ ಆ ಗುಂಪಿನ ಮೇಲೆ ಒಂದು ಒಣ ಎಲೆ ಬಿದ್ದರೂ ಸಾಕು, ಸೆಲ್ ಸುಡತೊಡಗುತ್ತದೆ, ಕಾಪಾಡಲು ಯಾರೂ ಇಲ್ಲ. ಬಿರುಕಿನ ಸೆಲ್ಲೂ ಸೇರಿ ಈ ಮೂರು ದೋಷಗಳಲ್ಲಿ ನಾನು ಹೆದರುವುದು ಇದಕ್ಕೇ.

ಹೆಜ್ಜೆ 1: ಇನ್ವರ್ಟರ್ ಪರದೆಯಲ್ಲಿ ವೋಲ್ಟ್ ಮತ್ತು ಆಂಪ್ ಬೇರೆ ಬೇರೆ ನೋಡಿ

ಯೂನಿಟ್ ಅಥವಾ ವ್ಯಾಟ್ ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಇನ್ವರ್ಟರಿನ ಪರದೆಯಲ್ಲೋ ಮೊಬೈಲ್ ಆ್ಯಪ್‌ನಲ್ಲೋ `PV1` ಅಥವಾ `DC` ಅಂತ ಇರುವ ಕಡೆ ಪ್ಯಾನೆಲ್ ಕಡೆಯ ವೋಲ್ಟ್ ಮತ್ತು ಆಂಪ್ ಸಿಗುತ್ತವೆ. ತಿಳಿ ಆಕಾಶದ ದಿನ, ಹನ್ನೆರಡರಿಂದ ಒಂದು ಗಂಟೆಯೊಳಗೆ, ಎರಡನ್ನೂ ಬರೆದುಕೊಳ್ಳಿ.

ಹೋಲಿಸಲು ಹಳೆಯ ಲೆಕ್ಕ ಬೇಕು. ಆ್ಯಪ್‌ನಲ್ಲಿ ಹೋದ ವರ್ಷದ ಅದೇ ತಿಂಗಳ ಒಂದು ತಿಳಿ ದಿನವನ್ನು ತೆಗೆದು ನೋಡಿದರೆ ಒಳ್ಳೆಯದು. ಅದಿಲ್ಲದಿದ್ದರೆ ಪ್ಯಾನೆಲ್ ಬೆನ್ನಿನ ಚೀಟಿಯಲ್ಲಿ `Vmp` ಅಂತ ಇರುವ ಅಂಕಿಯನ್ನು ಪ್ಯಾನೆಲ್‌ಗಳ ಸಂಖ್ಯೆಯಿಂದ ಗುಣಿಸಿ, ಬಿಸಿಗೆ ಸುಮಾರು ನೂರಕ್ಕೆ 14ರಷ್ಟು ಕಳೆಯಿರಿ. ಚೀಟಿಯ ಅಂಕಿ 25 ಡಿಗ್ರಿಯ ಸೆಲ್‌ಗೆ ಬರೆದದ್ದು, ನಮ್ಮ ಬೇಸಿಗೆಯ ಮಧ್ಯಾಹ್ನ ಸೆಲ್ 60 ಡಿಗ್ರಿ ಹತ್ತಿರ ಇರುತ್ತದೆ. ಚಿಕ್ಕಮ್ಮನ ಮನೆಯ ಲೆಕ್ಕ: 37.8 ವೋಲ್ಟ್, ಒಂಬತ್ತು ಪ್ಯಾನೆಲ್, ಒಟ್ಟು 340. ಬಿಸಿಗೆ ಕಳೆದರೆ 292 ಆಸುಪಾಸು. ಹಳೆಯ ದಾಖಲೆಯಲ್ಲಿ ನಿಜಕ್ಕೂ 294 ವೋಲ್ಟ್, 8.2 ಆಂಪ್ ಇತ್ತು. ಸುಮಾರು 2,410 ವ್ಯಾಟ್.

ನಾನು ಹೋದ ದಿನ ಪರದೆಯಲ್ಲಿ ಇದ್ದದ್ದು 332 ವೋಲ್ಟ್, 5.6 ಆಂಪ್. ಸುಮಾರು 1,860 ವ್ಯಾಟ್. ವೋಲ್ಟ್ ಏರಿದೆ, ಆಂಪ್ ಇಳಿದಿದೆ. ಬಾಂಡ್ಲಿ ಸಾಲಿನಲ್ಲಿ ಒಬ್ಬ ಎಲ್ಲರನ್ನೂ ನಿಧಾನ ಮಾಡಿದ್ದಾನೆ ಅಂತ ಇದರ ಅರ್ಥ.

ಡಯೋಡ್ ಶಾರ್ಟ್ ಆಗಿದ್ದರೆ ಅಂಕಿ ಬೇರೆಯೇ ಇರುತ್ತಿತ್ತು. ಆಂಪ್ 8.2 ಹಾಗೇ ಇದ್ದು, ವೋಲ್ಟ್ ಮಾತ್ರ ಹನ್ನೊಂದರಷ್ಟು ಇಳಿದು 283ಕ್ಕೆ ಬರುತ್ತಿತ್ತು. ಒಂಬತ್ತು ಪ್ಯಾನೆಲ್‌ನ 27 ಗುಂಪಿನಲ್ಲಿ ಒಂದು ಹೋದರೆ ನಷ್ಟ ನೂರಕ್ಕೆ ನಾಲ್ಕರಷ್ಟೂ ಆಗುವುದಿಲ್ಲ. ಯೂನಿಟ್ ನೋಡಿ ಇದನ್ನು ಹಿಡಿಯುವುದು ಕಷ್ಟ. ವೋಲ್ಟ್ ನೋಡಿದರೆ ಸುಲಭ, ಏಕೆಂದರೆ ಬೆಳಗ್ಗೆ, ಮಧ್ಯಾಹ್ನ, ಮೋಡದ ದಿನ, ಯಾವಾಗ ನೋಡಿದರೂ ಅದು ಕಮ್ಮಿಯೇ ಇರುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಬಿರುಕಿನ ಸೆಲ್ ಇರುವ ಗುಂಪನ್ನು ಡಯೋಡ್ ದಾಟಿಸಬೇಕಿತ್ತಲ್ವಾ? ಹಾಗಿದ್ದರೆ ಆಂಪ್ ಏಕೆ ಇಳಿಯಿತು? ಕಾರಣ ಇನ್ವರ್ಟರ್. ಯಾವ ವೋಲ್ಟ್‌ನಲ್ಲಿ ಹೆಚ್ಚು ವ್ಯಾಟ್ ಸಿಗುತ್ತದೆ ಅಂತ ಅದು ಸದಾ ತಡಕಾಡುತ್ತಿರುತ್ತದೆ, ಆದರೆ ಸಣ್ಣ ಸಣ್ಣ ಹೆಜ್ಜೆಯಲ್ಲಿ. ಇಂಥ ದೋಷದಲ್ಲಿ, ಎಷ್ಟು ವೋಲ್ಟಿಗೆ ಎಷ್ಟು ವ್ಯಾಟ್ ಅಂತ ಗೆರೆ ಎಳೆದರೆ ಅದರಲ್ಲಿ ಎರಡು ಗುಡ್ಡ ಎದ್ದಿರುತ್ತವೆ. 332 ವೋಲ್ಟ್ ಹತ್ತಿರ ಸಣ್ಣ ಗುಡ್ಡ, 283 ವೋಲ್ಟ್ ಹತ್ತಿರ ದೊಡ್ಡದು. ಬೆಳಗ್ಗೆಯಿಂದ ಸಣ್ಣ ಗುಡ್ಡದ ಮೇಲೇ ನಿಂತ ಇನ್ವರ್ಟರ್, ನಡುವಿನ ಕಣಿವೆ ಇಳಿದು ಆಚೆ ಹೋಗಿ ನೋಡುವುದಿಲ್ಲ. ಕೆಲವು ಇನ್ವರ್ಟರ್‌ಗಳಲ್ಲಿ ಆಗಾಗ ಇಡೀ ಹರವನ್ನು ಹುಡುಕುವ ವ್ಯವಸ್ಥೆ ಇರುತ್ತದೆ. ಅಂಥದ್ದಾಗಿದ್ದರೆ ದೊಡ್ಡ ಗುಡ್ಡ ಸಿಕ್ಕಿ, ನಷ್ಟ ನಾಲ್ಕು ಪರ್ಸೆಂಟಿಗೆ ನಿಲ್ಲುತ್ತಿತ್ತು. ಯೂನಿಟ್ ಉಳಿಯಿತು ಅಂತ ನೆಮ್ಮದಿ ಪಡುವಂತಿಲ್ಲ. ಆಗ ಡಯೋಡ್ ದಿನವಿಡೀ ದುಡಿಯುತ್ತಿರುತ್ತದೆ, ಬಿರುಕಿನ ಸೆಲ್ ಇನ್ನೂ ಜಾಸ್ತಿ ಬಿಸಿಯಾಗುತ್ತಿರುತ್ತದೆ.

ಹೆಜ್ಜೆ 2: ದಿನದ ಗ್ರಾಫ್ ನೋಡಿ, ಬೇರೆ ಕಾರಣಗಳನ್ನು ತಳ್ಳಿಹಾಕಿ

ತಿಳಿ ದಿನದ ಗ್ರಾಫ್ ಗುಂಡಗಿನ ಗುಡ್ಡದ ಹಾಗಿರಬೇಕು. ಚಿಕ್ಕಮ್ಮನ ಮನೆಯದ್ದು ಬೆಳಗ್ಗೆ ಹತ್ತೂಕಾಲಿನವರೆಗೆ ಹಳೆಯ ಗೆರೆಯ ಮೇಲೇ ಏರುತ್ತಿತ್ತು. ಅಲ್ಲಿಂದ ಮಧ್ಯಾಹ್ನ ಎರಡೂವರೆಯವರೆಗೆ ನೆತ್ತಿಯನ್ನು ಕತ್ತರಿಸಿ ತೆಗೆದ ಹಾಗೆ ಚಪ್ಪಟೆ. ಆಮೇಲೆ ಮತ್ತೆ ಹಳೆಯ ಗೆರೆ.

ಧೂಳಿದ್ದರೆ ಹೀಗಾಗುವುದಿಲ್ಲ. ಆಗ ಇಡೀ ಗುಡ್ಡವೇ ಕುಳ್ಳಗಾಗುತ್ತದೆ, ಬೆಳಗ್ಗೆಯೂ ಕಮ್ಮಿ, ಮೋಡದ ದಿನವೂ ಕಮ್ಮಿ. ಮರದ ನೆರಳಾದರೆ ಪ್ರತಿದಿನ ಒಂದೇ ಹೊತ್ತಿಗೆ ಒಂದು ಪಕ್ಕ ತಗ್ಗು ಬೀಳುತ್ತದೆ.

ನೆತ್ತಿ ಚಪ್ಪಟೆಯಾಗಲು ಇನ್ನೆರಡು ಕಾರಣ ಇವೆ, ಇವುಗಳಲ್ಲಿ ಅನುಭವಸ್ಥರೂ ಎಡವುತ್ತಾರೆ. ಮೊದಲನೆಯದು ಲೈನಿನ ವೋಲ್ಟೇಜ್. ಹಗಲು ಹೊತ್ತು ಲೈನ್ 250 ವೋಲ್ಟ್ ದಾಟಿದರೆ ಹಲವು ಇನ್ವರ್ಟರ್‌ಗಳು ತಾವೇ ಉತ್ಪಾದನೆ ತಗ್ಗಿಸುತ್ತವೆ. ಆಗಲೂ ಪ್ಯಾನೆಲ್ ಕಡೆ ವೋಲ್ಟ್ ಏರಿ ಆಂಪ್ ಇಳಿಯುತ್ತದೆ, ಥೇಟ್ ಇದೇ ಲಕ್ಷಣ. ಎರಡನೆಯದು ಇನ್ವರ್ಟರ್ ತಾನೇ ಕಾದು ಹೋಗುವುದು, ಪಶ್ಚಿಮದ ಬಿಸಿಲು ಬೀಳುವ ಗೋಡೆಯಲ್ಲೋ ಗಾಳಿಯಾಡದ ಡಬ್ಬಿಯಲ್ಲೋ ಕೂರಿಸಿದ್ದರೆ. ಹಾಗಾಗಿ ಅದೇ ಹೊತ್ತಿನ `AC` ವೋಲ್ಟ್ ಮತ್ತು ಇನ್ವರ್ಟರಿನ ಉಷ್ಣತೆ ಎರಡನ್ನೂ ನೋಡಿ. ನಮ್ಮಲ್ಲಿ ಲೈನ್ 236 ಇತ್ತು, ಇನ್ವರ್ಟರ್ ನೆರಳಿನಲ್ಲಿತ್ತು, ಮುಟ್ಟಿದರೆ ಬರೀ ಬೆಚ್ಚಗಿತ್ತು. ಸರಿ, ದೋಷ ಮೇಲೇ ಇದೆ ಅಂತ ಆಯಿತು.

ಹೆಜ್ಜೆ 3: ಕಣ್ಣಿನಿಂದ, ಆಮೇಲೆ ಶಾಖದಿಂದ

ಮಾಳಿಗೆ ಹತ್ತಿ ಮೊದಲು ಪ್ರತಿ ಪ್ಯಾನೆಲ್‌ನ ಗಾಜಿನ ಕಡೆ, ಆಮೇಲೆ ಬೆನ್ನು ನೋಡಿ. ಬಸವನಹುಳು ಹರಿದ ಹಾಗೆ ಸೆಲ್ ಮೇಲೆ ಮಾಸಲು ಗೆರೆ, ಕಂದು ಕಲೆ, ಬೆನ್ನಿನ ಬಿಳಿ ಹಾಳೆಯಲ್ಲಿ ಗುಳ್ಳೆ ಅಥವಾ ಸುಟ್ಟ ಗುರುತು ಹುಡುಕಿ. ಗಾಜು ಒಡೆದಿರಲೇಬೇಕು ಅಂತಿಲ್ಲ. ಗಾಜು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಒಳಗಿರುವ ಸೆಲ್ ಹಪ್ಪಳಕ್ಕಿಂತ ತೆಳು, ಅದು ಬಾಗಲಾರದು. ಮೇಲೆ ಕಾಲಿಟ್ಟರೆ, ಕೋತಿ ಜಿಗಿದರೆ, ಬಿರುಕು ಬಿಡುತ್ತದೆ.

ನಮ್ಮಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ನೀರಿನ ಟ್ಯಾಂಕ್ ಸ್ಟ್ಯಾಂಡು ಆರನೇ ಪ್ಯಾನೆಲ್‌ನ ಪಕ್ಕದಲ್ಲೇ ಇತ್ತು. ಕೇಳಿದೆ. "ಟ್ಯಾಂಕ್ ತೊಳೆಯೋಕೆ ಬಂದಿದ್ದ ಹುಡುಗ ಅದರ ಮೇಲೆ ಕಾಲಿಟ್ಟು ಹತ್ತಿದ. ಗಾಜು ಗಟ್ಟಿ ಇದೆ ಅಂದ" ಅಂದರು ಚಿಕ್ಕಮ್ಮ. ತಾರೀಖು ಕ್ಯಾಲೆಂಡರಿನಲ್ಲೇ ಇತ್ತು, ಫೆಬ್ರವರಿ 19.

ಶಾಖ ಅಳೆಯಲು ಥರ್ಮಲ್ ಕ್ಯಾಮೆರಾ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಗನ್ ತರಹದ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಮೂರು ಮಾತು ನೆನಪಿರಲಿ. ಇನ್ವರ್ಟರ್ ಓಡುತ್ತಿರಬೇಕು, ಏಕೆಂದರೆ ಕರೆಂಟು ಹರಿಯದಿದ್ದರೆ ಹಾಟ್ ಸ್ಪಾಟ್ ಇಲ್ಲ, ಆಫ್ ಮಾಡಿದ ಕೆಲವೇ ನಿಮಿಷದಲ್ಲಿ ತಣಿದು ಬಿಡುತ್ತದೆ. ಬಿಸಿಲು ಜೋರಾಗಿರಬೇಕು, ಬೆಳಗ್ಗೆ ಎಂಟಕ್ಕೆ ಅಳೆದು "ಏನೂ ಇಲ್ಲ" ಅಂತ ಹೇಳುವುದು ತಪ್ಪು. ಸಾಧ್ಯವಿದ್ದಷ್ಟು ಬೆನ್ನಿನ ಕಡೆಯಿಂದ ಅಳೆಯಿರಿ. ಗಾಜು ಆಕಾಶವನ್ನು ಪ್ರತಿಫಲಿಸಿ ಮೀಟರಿಗೆ ಸುಳ್ಳು ಅಂಕಿ ತೋರಿಸುತ್ತದೆ.

ಬೆನ್ನಿನಲ್ಲಿ ಒಂದೊಂದೇ ಸೆಲ್‌ಗೆ ಹಿಡಿಯುತ್ತಾ ಹೋದೆ. 57, 58, 58, 57. ಆರನೇ ಪ್ಯಾನೆಲ್‌ನ ಟ್ಯಾಂಕ್ ಕಡೆಯ ಎರಡನೇ ಕಂಬಸಾಲಿನಲ್ಲಿ ಮೇಲಿನಿಂದ ಒಂಬತ್ತನೇ ಸೆಲ್: 74. ಒಂದೇ ಸೆಲ್ ಪಕ್ಕದವಕ್ಕಿಂತ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿ ಇದ್ದರೆ ನಾನು ಅದನ್ನು ಬಿಡುವುದಿಲ್ಲ. ಒಂದು ಸೆಲ್ ಅಲ್ಲದೆ ಪ್ಯಾನೆಲ್‌ನ ಉದ್ದಕ್ಕೂ ಮೂರನೇ ಒಂದು ಭಾಗ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ, ಆ ಗುಂಪಿನಿಂದ ಕರೆಂಟು ಹೊರಗೆ ಹೋಗುತ್ತಿಲ್ಲ ಅಂತ ಅರ್ಥ. ಡಯೋಡ್ ಶಾರ್ಟ್ ಆಗಿರಬಹುದು ಅಥವಾ ಬಾಗಿಲು ತೆರೆದು ದುಡಿಯುತ್ತಿರಬಹುದು.

ಹೆಜ್ಜೆ 4: ಮುಚ್ಚಿ ನೋಡುವ ಪರೀಕ್ಷೆ

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇದರ ಮೇಲೆ. ಬೇಕಾದದ್ದು ಒಂದು ದಪ್ಪ ರಟ್ಟು ಅಥವಾ ಎರಡು ಪದರ ಗೋಣಿಚೀಲ, ಜೊತೆಗೆ ಇನ್ವರ್ಟರ್ ಹತ್ತಿರ ಫೋನ್ ಹಿಡಿದು ಅಂಕಿ ಓದುವ ಒಬ್ಬರು. ಯಾವ ತಂತಿಯನ್ನೂ ಬಿಚ್ಚುವುದಿಲ್ಲ. ಮೋಡ ಹಾಯದ ಹೊತ್ತು ನೋಡಿಕೊಳ್ಳಿ.

ಪ್ಯಾನೆಲ್‌ನಲ್ಲಿ ಉದ್ದಕ್ಕೆ ಆರು ಕಂಬಸಾಲು ಸೆಲ್ ಇರುತ್ತವೆ. ಪಕ್ಕಪಕ್ಕದ ಎರಡು ಸಾಲು ಒಂದು ಗುಂಪು. ಅಂದರೆ ಸುಮಾರು 32 ಸೆಂಟಿಮೀಟರ್ ಅಗಲ, ಎರಡು ಮೀಟರ್ ಉದ್ದದ ಪಟ್ಟಿ. ಒಂದು ಗುಂಪನ್ನು ಪೂರ್ತಿ ಮುಚ್ಚಿ, ಇನ್ವರ್ಟರ್ ಹೊಂದಿಕೊಳ್ಳಲು ಅರ್ಧ ನಿಮಿಷ ಕೊಟ್ಟು, ಅಂಕಿ ಬರೆದು, ತೆಗೆದುಬಿಡಿ. ಒಂದೇ ಒಂದು ಸೆಲ್ ಮೇಲೆ ಮಾತ್ರ ಏನನ್ನೂ ಇಡಬೇಡಿ. ಹಾಗೆ ಮಾಡಿದರೆ ನೀವೇ ಹಾಟ್ ಸ್ಪಾಟ್ ಹುಟ್ಟಿಸಿದಂತೆ. ಅರ್ಧ ಸೆಲ್‌ಗಳ ಹೊಸ 144ರ ಪ್ಯಾನೆಲ್‌ಗಳಲ್ಲೂ ಪಕ್ಕಪಕ್ಕದ ಎರಡು ಸಾಲೇ ಒಂದು ಗುಂಪು, ಆದರೆ ಮೇಲಿನ ಮತ್ತು ಕೆಳಗಿನ ಎರಡೂ ಭಾಗವನ್ನು ಒಟ್ಟಿಗೆ ಮುಚ್ಚಬೇಕು.

ದೋಷವಿಲ್ಲದ ಗುಂಪನ್ನು ಮುಚ್ಚಿದರೆ ಆ ಗುಂಪಿನ ಪಾಲು ಮಾತ್ರ ಕಮ್ಮಿಯಾಗುತ್ತದೆ, ನಮ್ಮಲ್ಲಿ ಆವತ್ತು 70 ವ್ಯಾಟ್ ಆಸುಪಾಸು. ಶಾರ್ಟ್ ಆದ ಡಯೋಡಿನ ಗುಂಪನ್ನು ಮುಚ್ಚಿದರೆ ಏನೂ ಬದಲಾಗುವುದಿಲ್ಲ, ಅದು ಮೊದಲೇ ಲೆಕ್ಕದಲ್ಲಿಲ್ಲವಲ್ಲ. ಓಪನ್ ಆದ ಡಯೋಡಿನ ಗುಂಪನ್ನು ಮುಚ್ಚಿದರೆ ಇಡೀ ಸ್ಟ್ರಿಂಗಿನ ಆಂಪ್ ದಡಕ್ಕನೆ ಬೀಳುತ್ತದೆ. ಹಾಗೆ ಬಿದ್ದರೆ ಒಂದು ಕ್ಷಣವೂ ಕಾಯದೆ ರಟ್ಟು ತೆಗೆಯಿರಿ. ಎಲ್ಲ ಪ್ಯಾನೆಲ್‌ಗಳೂ ಆ ಒಂದು ಗುಂಪನ್ನು ತಳ್ಳುತ್ತಿರುತ್ತವೆ.

ಆರನೇ ಪ್ಯಾನೆಲ್‌ನ ಟ್ಯಾಂಕ್ ಕಡೆಯ ಗುಂಪಿನ ಮೇಲೆ ರಟ್ಟು ಇಟ್ಟೆ. ಕೆಳಗಿನಿಂದ ಚಿಕ್ಕಮ್ಮನ ಮಗಳು ಅಂಕಿ ಕೂಗುತ್ತಿದ್ದಳು. ಸಾವಿರದ ಎಂಟುನೂರು. ಆರುನೂರು. ಇನ್ನೂರು. ಆಮೇಲೆ ಏರತೊಡಗಿತು. ಸಾವಿರದ ಒಂಬೈನೂರು. ಎರಡು ಸಾವಿರದ ನೂರು. "ಅಣ್ಣಾ, 2,320!" ವೋಲ್ಟ್ 283, ಆಂಪ್ 8.2.

ಪ್ಯಾನೆಲ್‌ನ ಮೂರನೇ ಒಂದು ಭಾಗ ಮುಚ್ಚಿದರೆ ಉತ್ಪಾದನೆ 460 ವ್ಯಾಟ್ ಏರಿತು. ರಟ್ಟು ಬಿದ್ದ ಮೇಲೆ ಆ ಗುಂಪಿನಿಂದ ಕರೆಂಟೇ ಇಲ್ಲ, ಹಾಗಾಗಿ ಸಣ್ಣ ಗುಡ್ಡ ಮಾಯ. ಇನ್ವರ್ಟರ್ ಬೇರೆ ದಾರಿಯಿಲ್ಲದೆ ದೊಡ್ಡ ಗುಡ್ಡಕ್ಕೆ ಬಂತು. ಇದರಿಂದ ಎರಡು ವಿಷಯ ಒಟ್ಟಿಗೆ ಗೊತ್ತಾದವು: ದೋಷ ಈ ಗುಂಪಿನಲ್ಲೇ ಇದೆ, ಮತ್ತು ಇದರ ಡಯೋಡ್ ಚೆನ್ನಾಗಿದೆ. ಹುಡುಕಾಟವಿರುವ ಇನ್ವರ್ಟರ್ ಆಗಿದ್ದರೆ ಹೀಗೆ ಏರುತ್ತಿರಲಿಲ್ಲ, ಅಂಕಿ ಇದ್ದ ಹಾಗೇ ಇರುತ್ತಿತ್ತು.

"ಹಾಗಾದ್ರೆ ರಟ್ಟು ಅಲ್ಲೇ ಇರ್ಲಿ ಬಿಡೋ" ಅಂದರು ಚಿಕ್ಕಮ್ಮ. ಬೇಡ. ಡಯೋಡ್ ಅಪರೂಪದ ನೆರಳಿಗೆ ಅಂತ ಇರುವುದು. 8 ಆಂಪ್ ಹರಿದರೆ ಅದರಲ್ಲಿ ಮೂರು ನಾಲ್ಕು ವ್ಯಾಟ್ ಶಾಖ ಹುಟ್ಟುತ್ತದೆ. ಮುಚ್ಚಿದ ಡಬ್ಬಿಯಲ್ಲಿ, ಬಿಸಿ ಪ್ಯಾನೆಲ್‌ನ ಬೆನ್ನಿಗೆ, ಇಡೀ ಬೇಸಿಗೆ ಹೀಗೆ ಬೇಯಿಸಿದರೆ ಅದೂ ಹೋಗುತ್ತದೆ.

ಹೆಜ್ಜೆ 5: ಮಲ್ಟಿಮೀಟರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಲ್ಲಿಂದ ಮುಂದೆ ತಂತಿ ಬಿಚ್ಚುವ ಕೆಲಸ. ಒಂಬತ್ತು ಪ್ಯಾನೆಲ್ ಸಾಲಿನಲ್ಲಿ ಬಿಸಿಲಿನ ಹೊತ್ತು 370 ವೋಲ್ಟ್ ನೇರ ಕರೆಂಟ್ ಇರುತ್ತದೆ, ಬಿಸಿಲಿರುವವರೆಗೆ ಆ ವೋಲ್ಟನ್ನೇ ಆಫ್ ಮಾಡುವ ಸ್ವಿಚ್ ಇಲ್ಲ. ಕೆಲಸ ಗೊತ್ತಿರುವವರೇ ಮಾಡಲಿ. ಕ್ರಮ ಹೀಗೆ: ಮೊದಲು ಇನ್ವರ್ಟರಿನ ಮನೆ ಕಡೆಯ ಎಂಸಿಬಿ, ಆಮೇಲೆ ಪ್ಯಾನೆಲ್ ಕಡೆಯ ಡಿಸಿ ಐಸೊಲೇಟರ್ ಆಫ್. ಹತ್ತು ನಿಮಿಷ ಕಾಯುವುದು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್‌ನಿಂದ ತಂತಿಯಲ್ಲಿ ಆಂಪ್ ಸೊನ್ನೆ ಅಂತ ಖಚಿತ ಮಾಡಿಕೊಂಡ ಮೇಲಷ್ಟೇ ಕನೆಕ್ಟರ್ ಬಿಚ್ಚುವುದು. ಕರೆಂಟು ಹರಿಯುವಾಗ ಕನೆಕ್ಟರ್ ಎಳೆದರೆ ಕಿಡಿ ಕೂಡಲೇ ಆರುವುದಿಲ್ಲ, ವೆಲ್ಡಿಂಗ್ ಹಾಗೆ ಉರಿಯುತ್ತಲೇ ಇರುತ್ತದೆ. ಕೈ ಸುಡುತ್ತದೆ.

ಬಿಚ್ಚಿದ ಮೇಲೆ ಪ್ರತಿ ಪ್ಯಾನೆಲ್‌ನ ಎರಡು ತುದಿಯ ವೋಲ್ಟ್ ನೋಡಿ. ಚೀಟಿಯಲ್ಲಿ `Voc` 46 ಇದ್ದರೆ ಬಿಸಿ ಪ್ಯಾನೆಲ್‌ನಲ್ಲಿ 41ರ ಆಸುಪಾಸು ಬರಬೇಕು. ಒಂದು ಡಯೋಡ್ ಶಾರ್ಟ್ ಆಗಿದ್ದರೆ ಮೂರನೇ ಒಂದು ಭಾಗ ಹೋಗಿ 27ರ ಆಸುಪಾಸು ತೋರಿಸುತ್ತದೆ. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಆದರೆ ಆರನೇ ಪ್ಯಾನೆಲ್ ತೋರಿಸಿದ್ದು 41.2. ಪಕ್ಕದ ಐದನೆಯದು 41.3. ಅಂದರೆ ಮೀಟರ್ ಪ್ರಕಾರ ಪ್ಯಾನೆಲ್ ಚೆನ್ನಾಗಿದೆ! ಕರೆಂಟು ಹರಿಯದಿದ್ದಾಗ ಮುರಿದ ಸೆಲ್ ಕೂಡ ತನ್ನ ಪಾಲಿನ ವೋಲ್ಟ್ ಕೊಡುತ್ತದೆ. ತುದಿಗಳನ್ನು ಶಾರ್ಟ್ ಮಾಡಿ ಆಂಪ್ ಅಳೆದರೂ ಪೂರ್ತಿ ಆಂಪ್ ಬರುತ್ತದೆ, ಏಕೆಂದರೆ ಆಗ ಡಯೋಡ್ ಬಾಗಿಲು ತೆರೆದು ಉಳಿದೆರಡು ಗುಂಪಿನ ಕರೆಂಟನ್ನು ದಾಟಿಸಿಬಿಡುತ್ತದೆ. ಎರಡೂ ಅಂಕಿ ಸರಿ, ಪ್ಯಾನೆಲ್ ಮಾತ್ರ ಕೆಟ್ಟಿದೆ. "ಮೀಟರ್ ಹಾಕಿ ನೋಡಿದ್ವಿ ಸಾರ್, ಪ್ಯಾನೆಲ್ ಓಕೆ" ಅಂತ ಹೇಳಿ ಹೋದವರನ್ನು ನಾನು ದೂರುವುದಿಲ್ಲ. ಅವರು ಅಳೆದದ್ದು ನಿಜ. ಆ ಅಳತೆಗೆ ಈ ದೋಷ ಸಿಕ್ಕುವುದಿಲ್ಲ. ವೋಲ್ಟ್ ಬದಲಾದಂತೆ ಆಂಪ್ ಹೇಗೆ ಬದಲಾಗುತ್ತದೆ ಅಂತ ಗೆರೆ ಎಳೆದು ತೋರಿಸುವ ಐ-ವಿ ಟ್ರೇಸರ್ ಉಪಕರಣ ಬೇಕು, ಇಲ್ಲವೇ ರಟ್ಟಿನ ಪರೀಕ್ಷೆ.

ಹೆಜ್ಜೆ 6: ರಿಪೇರಿ

ಬಿರುಕಿನ ಸೆಲ್‌ಗೆ ರಿಪೇರಿ ಇಲ್ಲ, ಪ್ಯಾನೆಲ್ ಬದಲಿಸಬೇಕು. ಹೊಸದು ಸಿಗುವವರೆಗೆ ಕೆಟ್ಟದ್ದನ್ನು ಸಾಲಿನಿಂದ ಹೊರಗಿಟ್ಟು ಐದನೆಯದನ್ನೂ ಏಳನೆಯದನ್ನೂ ಸೋಲಾರ್ ತಂತಿಯಿಂದ ಜೋಡಿಸಿದೆ. ಎಂಟು ಪ್ಯಾನೆಲ್‌ಗೆ 261 ವೋಲ್ಟ್, 8.2 ಆಂಪ್, ಅಂದರೆ 2,140 ವ್ಯಾಟ್. ಒಂಬತ್ತು ಇದ್ದಾಗಿನ 1,860ಕ್ಕಿಂತ ಎಂಟರಲ್ಲೇ ಹೆಚ್ಚು. ಹೀಗೆ ಮಾಡುವ ಮೊದಲು ಇಳಿದ ವೋಲ್ಟ್‌ನಲ್ಲೂ ಇನ್ವರ್ಟರ್ ಓಡುತ್ತದಾ ಅಂತ ಅದರ ಚೀಟಿಯಲ್ಲಿ ನೋಡಿಕೊಳ್ಳಿ.

ಬದಲಿ ಪ್ಯಾನೆಲ್ ಕೊಳ್ಳುವಾಗ ವ್ಯಾಟ್ ಹೊಂದಿಸಬೇಡಿ, ಚೀಟಿಯಲ್ಲಿ `Imp` ಅಂತ ಬರೆದಿರುವ ಆಂಪ್ ಹೊಂದಿಸಿ. ಅದು ಹಳೆಯದ್ದಕ್ಕೆ ಸಮ ಅಥವಾ ಸ್ವಲ್ಪ ಜಾಸ್ತಿ ಇರಬೇಕು. ಕಮ್ಮಿ ಇದ್ದರೆ ಹೊಸದೇ ಸಾಲನ್ನು ನಿಧಾನ ಮಾಡುವ ಆಳಾಗುತ್ತದೆ. ಈಗ ಅಂಗಡಿಯಲ್ಲಿ ಸಿಗುವ 540 ವ್ಯಾಟಿನವು 13 ಆಂಪ್ ಆಸುಪಾಸು ಕೊಡುತ್ತವೆ. ಹಾಕಿದರೆ ನಡೆಯುತ್ತದೆ, ಆದರೆ ಈ ಸಾಲಿನಲ್ಲಿ 8.2ಕ್ಕೇ ನಿಲ್ಲುತ್ತವೆ, ಹಳೆಯ ಚೌಕಟ್ಟಿಗೆ ಅಳತೆಯೂ ಕೂರುವುದಿಲ್ಲ. ಹುಡುಕಿ 340 ವ್ಯಾಟಿನ ಒಂದನ್ನು ತಂದು ಹಾಕಿದೆ. ಕನೆಕ್ಟರ್ ಎರಡೂ ಕಡೆ ಒಂದೇ ತಯಾರಿಕೆಯದ್ದಿರಲಿ. ಬೇರೆ ಬೇರೆ ತಯಾರಿಕೆಯವು ಕೂತಂತೆ ಕಂಡರೂ ಒಳಗೆ ಸಡಿಲವಿದ್ದು ಸುಡುತ್ತವೆ.

ವಾರಂಟಿ ಕೇಳುವುದಾದರೆ ಪ್ಯಾನೆಲ್‌ನ ಸೀರಿಯಲ್ ನಂಬರ್, ಥರ್ಮಲ್ ಚಿತ್ರ, ಮೊದಲಿನ ಮತ್ತು ಈಗಿನ ದಿನದ ಗ್ರಾಫ್ ಇಟ್ಟುಕೊಳ್ಳಿ. ತುಳಿದು ಬಿರುಕಾದದ್ದಕ್ಕೆ ವಾರಂಟಿ ಸಿಗುವುದಿಲ್ಲ, ಚಿಕ್ಕಮ್ಮನಿಗೂ ಸಿಗಲಿಲ್ಲ. ಬೆಸುಗೆ ಬಿಟ್ಟು ಆದ ಹಾಟ್ ಸ್ಪಾಟ್‌ಗೆ, ಕೆಟ್ಟ ಡಯೋಡಿಗೆ ಕೇಳಬಹುದು.

ಡಯೋಡ್ ಮಾತ್ರ ಕೆಟ್ಟಿದ್ದರೆ ಖರ್ಚು ಸಣ್ಣದು. ಜಂಕ್ಷನ್ ಬಾಕ್ಸಿನೊಳಗೆ ಅಂಟು ತುಂಬಿದ್ದರೆ ಕೈ ಹಾಕಬೇಡಿ. ಮುಚ್ಚಳ ತೆಗೆಯುವಂತಿದ್ದು, ವಾರಂಟಿ ಮುಗಿದಿದ್ದರೆ, ಪ್ಯಾನೆಲ್ಲನ್ನು ಸಾಲಿನಿಂದ ಬಿಡಿಸಿ, ಮುಖವನ್ನು ಪೂರ್ತಿ ಮುಚ್ಚಿ ಬದಲಿಸಬಹುದು. ಹಳೆಯದರ ಮೇಲಿನ ಅಂಕಿ ನೋಡಿ ಅಷ್ಟೇ ಅಥವಾ ಹೆಚ್ಚು ಆಂಪ್, ವೋಲ್ಟ್ ತಡೆಯುವ ಶಾಟ್ಕಿ ಡಯೋಡ್ ತನ್ನಿ. ಈ ಪ್ಯಾನೆಲ್‌ಗೆ 15 ಆಂಪ್, 45 ವೋಲ್ಟಿನ `15SQ045` ಹೊಂದುತ್ತದೆ. ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಉಲ್ಟಾ ಕೂರಿಸಿದರೆ ಆ ಗುಂಪು ಡಯೋಡ್ ಮೂಲಕವೇ ಶಾರ್ಟ್ ಆಗುತ್ತದೆ. ಒಂದು ಹೋಗಿದ್ದರೂ ನಾನು ಮೂರನ್ನೂ ಬದಲಿಸುತ್ತೇನೆ, ಮೂರೂ ಒಂದೇ ಬಿಸಿ, ಒಂದೇ ಸಿಡಿಲು ಕಂಡವು. ಹಾಕಿದ ಮೇಲೆ ಹಾಟ್ ಸ್ಪಾಟ್ ಇದೆಯಾ ಅಂತ ಮೂರನೇ ಹೆಜ್ಜೆಗೆ ಹೋಗಿ ಇನ್ನೊಮ್ಮೆ ನೋಡಲೇಬೇಕು. ಬಿರುಕಿನ ಸೆಲ್ ಕಾಯಿಸಿ ಕಾಯಿಸಿಯೇ ಡಯೋಡ್ ಹೋಗಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಹೊಸ ಪ್ಯಾನೆಲ್ ಕೂತ ಮಾರನೇ ದಿನ ಮಧ್ಯಾಹ್ನ 293 ವೋಲ್ಟ್, 8.2 ಆಂಪ್ ಬಂತು. ಬಿಚ್ಚಿದ ಹಳೆಯದನ್ನು ನೋಡಿ ಪಕ್ಕದ ಮನೆಯವರು, ತೋಟದ ಮನೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಕೊಡಿ, 41 ವೋಲ್ಟ್ ಬರುತ್ತಲ್ಲ ಅಂತ ಕೇಳಿದರು. ಕೊಡಲಿಲ್ಲ. ಬ್ಯಾಟರಿಯ ಕಡಿಮೆ ವೋಲ್ಟಿಗೆ ಕಟ್ಟಿದರೆ ಆ ಗುಂಪಿನ ಡಯೋಡ್ ಬಿಸಿಲಿದ್ದಷ್ಟು ಹೊತ್ತೂ ತೆರೆದಿರುತ್ತದೆ, ಆ ಒಂಬತ್ತನೇ ಸೆಲ್ 74 ಅಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅದೂ ಸೋಗೆ ಹೊದಿಸಿದ ಮಾಡಿನ ಮೇಲೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಪ್ಯಾನೆಲ್‌ಗಳೂ ಸೇರಿವೆ. ಹಾಗಾಗಿ ಕನೆಕ್ಟರ್‌ಗಳಿಗೆ ಟೋಪಿ ಹಾಕಿ, ಗಾಜಿನ ಮೇಲೆ "ಕೆಟ್ಟಿದೆ, ಬಳಸಬೇಡಿ" ಅಂತ ಬರೆದು, ಮುಖ ಗೋಡೆಗೆ ಮಾಡಿ ಇಟ್ಟಿದ್ದೇನೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು.